ಅಣಬೆಯ ಅನುಭವ, ಸಾಧಕರ ಅನುಭಾವ: ಎರಡೂ ಒಂದೇನಾ?

ಓದುಗರ ಪ್ರಶ್ನೆ: ಕೆಲವು ಅಣಬೆಗಳಲ್ಲಿರೋ ಹಾಗೆ ಮನಸ್ಸಿನ ಅರಿವನ್ನೇ ಬದಲಿಸೋ ಸೈಕೆಡೆಲಿಕ್ ವಸ್ತು ತಗೊಂಡವರು "ನಾನು ಅನ್ನೋದೇ ಕರಗಿಹೋಯ್ತು, ಎಲ್ಲಾ ಒಂದೇ ಅನಿಸ್ತು" ಅಂತಾರೆ. ಧ್ಯಾನಿಗಳು, ಸಂತರು ಹೇಳೋದೂ ಅದನ್ನೇ ಅಲ್ವಾ? ಹಾಗಿದ್ರೆ ಎಚ್ಚರ ಎಚ್ಚರ ಅಂತ ಯಾಕೆ ಹೇಳ್ತಾರೆ?

ಇದೇ ಪ್ರಶ್ನೆ ಇಟ್ಟುಕೊಂಡು 1962ರ ಗುಡ್ ಫ್ರೈಡೇ ದಿನ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಪ್ರಯೋಗ ನಡೆಯಿತು. ನಡೆಸಿದವರು ವಾಲ್ಟರ್ ಪಾಂಕೆ. ಅವರು ವೈದ್ಯರು, ಹಾರ್ವರ್ಡ್‌ನಲ್ಲಿ ಧರ್ಮದ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಪಾದ್ರಿಗಳಾಗಲು ಓದುತ್ತಿದ್ದ 20 ವಿದ್ಯಾರ್ಥಿಗಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನ ನೆಲಮಾಳಿಗೆಯಲ್ಲಿ ಕೂರಿಸಿದರು. ಮೇಲೆ ಪ್ರಾರ್ಥನೆ ನಡೆಯುತ್ತಿತ್ತು, ಕೆಳಗೆ ಸ್ಪೀಕರ್‌ನಲ್ಲಿ ಕೇಳಿಸುತ್ತಿತ್ತು. ಹತ್ತು ಜನಕ್ಕೆ 30 ಮಿಲಿಗ್ರಾಂ ಸೈಲೋಸೈಬಿನ್ ಕೊಟ್ಟರು. ಕೆಲವು ಅಣಬೆಗಳಲ್ಲಿರುವ ರಾಸಾಯನಿಕ ಅದು. ಉಳಿದ ಹತ್ತು ಜನಕ್ಕೆ ಕೊಟ್ಟಿದ್ದು ನಿಯಾಸಿನ್, ಅಂದರೆ ಒಂದು ವಿಟಮಿನ್. ಅದನ್ನು ನುಂಗಿದರೆ ಮುಖ ಕೆಂಪಾಗುತ್ತದೆ, ಮೈ ಬಿಸಿಯಾಗುತ್ತದೆ. ಯಾರಿಗೆ ಯಾವುದು ಸಿಕ್ಕಿತು ಅಂತ ಗೊತ್ತಾಗಬಾರದು ಅನ್ನೋದು ಲೆಕ್ಕಾಚಾರ. ಅದು ಬಹಳ ಹೊತ್ತು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೇ ಎಲ್ಲರಿಗೂ ತಿಳಿದುಹೋಯಿತು.

ಆಮೇಲೆ ಪಾಂಕೆ ಒಂದು ಪ್ರಶ್ನಾವಳಿ ಕೊಟ್ಟರು. ಸಾಧಕರ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣಗಳನ್ನು ಹೆಕ್ಕಿ ಮಾಡಿದ ಪಟ್ಟಿ ಅದು: ಎಲ್ಲವೂ ಒಂದೇ ಅನಿಸುವುದು, ಕಾಲ ಮತ್ತು ಜಾಗದ ಅರಿವು ಇಲ್ಲವಾಗುವುದು, ಮಾತಿಗೆ ಸಿಗದಿರುವುದು, "ಇದೇ ನಿಜ" ಅನ್ನುವ ಗಟ್ಟಿ ಭಾವನೆ, ಪಾವಿತ್ರ್ಯ, ಆನಂದ. ಸೈಲೋಸೈಬಿನ್ ತಗೊಂಡ ಹೆಚ್ಚಿನವರ ಉತ್ತರಗಳು ಈ ಪಟ್ಟಿಗೆ ಚೆನ್ನಾಗಿ ಹೊಂದಿದವು. ವಿಟಮಿನ್ ತಗೊಂಡವರದು ಹೊಂದಲಿಲ್ಲ. 2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೋಲಂಡ್ ಗ್ರಿಫಿತ್ಸ್ ಅವರ ತಂಡ 36 ಜನರ ಮೇಲೆ ಇನ್ನೂ ಬಿಗಿಯಾಗಿ ಇಂಥದ್ದೇ ಅಧ್ಯಯನ ಮಾಡಿತು. ಎರಡು ತಿಂಗಳಾದ ಮೇಲೆ ಕೇಳಿದಾಗ ಮೂರನೇ ಎರಡು ಭಾಗದಷ್ಟು ಜನ ಇದನ್ನು ತಮ್ಮ ಬದುಕಿನ ಅತಿ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಸೇರಿಸಿದರು.

ಹಾಗಾಗಿ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಹೌದು ಅಂತಲೇ ಹೇಳಬೇಕು. ಆ ಹೊತ್ತಿನಲ್ಲಿ ಏನನಿಸಿತು ಅನ್ನುವ ವರ್ಣನೆ ಎರಡೂ ಕಡೆ ತುಂಬಾ ಹತ್ತಿರ ಇದೆ. ಅದನ್ನು ಸುಮ್ನೆ ನಶೆ ಅಂತ ತಳ್ಳಿಹಾಕುವವರ ಮಾತು ನಾನು ಒಪ್ಪುವುದಿಲ್ಲ.

ಆದರೆ ಮಾರ್ಷ್ ಚಾಪೆಲ್‌ನಲ್ಲಿ ಅವತ್ತು ಇನ್ನೊಂದು ವಿಷಯ ನಡೆದಿತ್ತು. ಸೈಲೋಸೈಬಿನ್ ತಗೊಂಡಿದ್ದ ಒಬ್ಬ ವಿದ್ಯಾರ್ಥಿ ಎದ್ದು ಚಾಪೆಲ್‌ನಿಂದ ಹೊರಗೆ ನಡೆದುಬಿಟ್ಟ. ಜಗತ್ತಿಗೆ ಶಾಂತಿಯ ಹೊಸ ಯುಗ ಬಂದಿದೆ ಅಂತ ಸಾರೋಕೆ ದೇವರು ತನ್ನನ್ನೇ ಆರಿಸಿದ್ದಾನೆ ಅಂತ ಅವನಿಗೆ ಅನಿಸಿತ್ತು. ಅವನನ್ನು ಹಿಡಿದು ಒಳಗೆ ಕರೆತಂದು, ಕೊನೆಗೆ ಥೊರಾಜಿನ್ ಇಂಜೆಕ್ಷನ್ ಕೊಟ್ಟು ಶಾಂತ ಮಾಡಬೇಕಾಯಿತು. ಮಾನಸಿಕ ರೋಗಿಗಳಿಗೆ ಕೊಡುವ ಔಷಧ ಅದು. ಪಾಂಕೆ ಈ ಇಂಜೆಕ್ಷನ್ ವಿಷಯವನ್ನು ತಮ್ಮ ಪ್ರಬಂಧದಲ್ಲಿ ಬರೆಯಲೇ ಇಲ್ಲ. ರಿಕ್ ಡಾಬ್ಲಿನ್ ಅನ್ನುವವರು ಆ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿ, 1991ರಲ್ಲಿ ಪ್ರಕಟಿಸಿದ ಮೇಲೆ ಅದು ಬೆಳಕಿಗೆ ಬಂತು. ಡಾಬ್ಲಿನ್ ಸೈಕೆಡೆಲಿಕ್ ಪರವಾಗಿಯೇ ಕೆಲಸ ಮಾಡುವವರು ಅನ್ನೋದನ್ನು ಗಮನಿಸಿ. ಅವರಿಗೆ ಸಿಕ್ಕ ಸೈಲೋಸೈಬಿನ್ ಗುಂಪಿನವರೆಲ್ಲ, ಅಷ್ಟು ವರ್ಷ ಕಳೆದ ಮೇಲೂ, ತಮಗಾದದ್ದು ನಿಜವಾದ ಆಧ್ಯಾತ್ಮಿಕ ಅನುಭವವೇ ಅಂದರು. ಅವರಲ್ಲಿ ಹೆಚ್ಚಿನವರು ನಡುವೆ ಭಯಪಟ್ಟಿದ್ದೂ ಉಂಟು.

ಆ ಹುಡುಗನ ಕಥೆಯನ್ನು ಪಟ್ಟಿಯ ಪಕ್ಕ ಇಟ್ಟು ನೋಡಿ. "ಇದೇ ನಿಜ" ಅನ್ನುವ ಭಾವನೆಗೆ ಪ್ರಶ್ನಾವಳಿಯಲ್ಲಿ ಅಂಕ ಸಿಗುತ್ತದೆ. ಏನನ್ನು ನಿಜ ಅಂದುಕೊಂಡೆ ಅಂತ ಅದು ಕೇಳುವುದೇ ಇಲ್ಲ. "ಎಲ್ಲರೂ ನನ್ನವರೇ" ಅಂತ ಅನಿಸಿದ್ದಕ್ಕೂ, "ನಾನೇ ದೇವದೂತ" ಅಂತ ಅನಿಸಿದ್ದಕ್ಕೂ ಒಳಗಿನಿಂದ ಒಂದೇ ಗಟ್ಟಿತನ. ಔಷಧದ ಪ್ರಭಾವದಲ್ಲಿ ಮನಸ್ಸು ಮೆತ್ತಗಾಗಿರುತ್ತದೆ, ಬೇರೆಯವರ ಮಾತು ಬೇಗ ನಾಟುತ್ತದೆ. ಪಕ್ಕದಲ್ಲಿ ಕೂತವರು ಯಾರು, ಏನು ಹೇಳಿದರು ಅನ್ನೋದರ ಮೇಲೆ ಆ "ನಿಜ" ಯಾವ ಆಕಾರ ಪಡೆಯುತ್ತದೆ ಅನ್ನೋದೂ ನಿಂತಿದೆ. ಎಚ್ಚರ ಬೇಕು ಅನ್ನೋದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಸಾಧಕರಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. ಪತಂಜಲಿಯ ಯೋಗಸೂತ್ರದ ನಾಲ್ಕನೇ ಪಾದ ಶುರುವಾಗುವುದೇ ಸಿದ್ಧಿಗಳು ಎಲ್ಲಿಂದ ಬರುತ್ತವೆ ಅನ್ನುವ ಮಾತಿನಿಂದ. ಹುಟ್ಟು, ಔಷಧಿ, ಮಂತ್ರ, ತಪಸ್ಸು, ಸಮಾಧಿ. ಔಷಧಿಯಿಂದಲೂ ಬರುತ್ತದೆ ಅಂತ ಅವರು ಮುಚ್ಚುಮರೆ ಇಲ್ಲದೆ ಒಪ್ಪುತ್ತಾರೆ. ಆದರೆ ಅದೇ ಪಾದದ ಆರನೇ ಸೂತ್ರದಲ್ಲಿ, ಧ್ಯಾನದಿಂದ ಮೂಡಿದ ಮನಸ್ಸು ಮಾತ್ರ ಹಳೆಯ ವಾಸನೆಗಳಿಲ್ಲದ್ದು ಅನ್ನುತ್ತಾರೆ. ಅಂದರೆ ಔಷಧಿಯಿಂದ ಏನೋ ಕಾಣಬಹುದು. ಕಂಡವನ ಹಳೆಯ ಆಸೆ, ಸಿಟ್ಟು, ಅಹಂಕಾರ ಇದ್ದಲ್ಲೇ ಇರುತ್ತವೆ. ಕಂಡದ್ದನ್ನು ಆಮೇಲೆ ಬಳಸಿಕೊಳ್ಳುವುದೂ ಅವೇ. ನಮ್ಮ ಭಾಷೆಯಲ್ಲಿ ಅನುಭವ, ಅನುಭಾವ ಅಂತ ಎರಡು ಮಾತಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೈಲೋಸೈಬಿನ್‌ನ ಪ್ರಭಾವ ನಾಲ್ಕರಿಂದ ಆರು ಗಂಟೆ ಇರುತ್ತದೆ, ಅಷ್ಟರಲ್ಲಿ ಅನುಭವ ಆಗಬಹುದು. ಅನುಭಾವಿ ಅಂತ ನಾವು ಕರೆಯುವುದು ಆಮೇಲಿನ ಬಾಳನ್ನು ನೋಡಿ.

ಸ್ಪೇನ್‌ನ ಸಂತ ತೆರೇಸಾ 1577ರಲ್ಲಿ ಬರೆದ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. ಅತಿಯಾದ ಉಪವಾಸ, ಜಾಗರಣೆಯಿಂದ ಮೈ ಸೋತು ಮಂಕಾಗುವುದನ್ನು ಕೆಲವು ಸನ್ಯಾಸಿನಿಯರು ದೈವೀ ಪರವಶತೆ ಅಂದುಕೊಳ್ಳುತ್ತಿದ್ದರಂತೆ. ಒಬ್ಬಾಕೆಗೆ ಎಂಟು ಗಂಟೆ ಹಾಗೇ ಇರುತ್ತಿತ್ತು. ತೆರೇಸಾ ಸ್ವತಃ ಪರವಶತೆ ಕಂಡವರು. ಆದರೂ ಅವರು ಇದನ್ನು ನಂಬಲಿಲ್ಲ. ಆಕೆ ಹೊಟ್ಟೆತುಂಬ ಉಂಡು, ನಿದ್ದೆ ಮಾಡಿ, ಕಠಿಣ ವ್ರತ ಕಡಿಮೆ ಮಾಡಿದ ಮೇಲೆ ಅದು ನಿಂತುಹೋಯಿತು ಅಂತ ಬರೆಯುತ್ತಾರೆ.

ಹೀಗೆ ನೋಡುವವರೊಬ್ಬರು ಪಕ್ಕದಲ್ಲಿರುವುದು ಸಾಧನೆಯ ಒಂದು ಭಾಗ. ವರ್ಷಗಟ್ಟಲೆ ಜೊತೆಗಿದ್ದು, "ಇದು ಅದಲ್ಲ, ಹೋಗಿ ಮಲಗು" ಅನ್ನುವವರು. ಮಾತ್ರೆ ನುಂಗಿದವನಿಗೆ ಅನುಭವ ಸಿಗುತ್ತದೆ, ಇವರು ಸಿಗುವುದಿಲ್ಲ. ಅಧ್ಯಯನ ನಡೆಸುವವರು ಈ ಕೊರತೆಯನ್ನು ಒಂದಿಷ್ಟು ತುಂಬಲು ನೋಡುತ್ತಾರೆ. ಮೊದಲೇ ಹಲವು ಗಂಟೆ ಮಾತಾಡಿ ಪರಿಚಯ ಮಾಡಿಕೊಳ್ಳುತ್ತಾರೆ, ಇಡೀ ದಿನ ಜೊತೆಗಿರುತ್ತಾರೆ, ಆಮೇಲೂ ಭೇಟಿಯಾಗುತ್ತಾರೆ. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್‌ನಂಥ ಮಾನಸಿಕ ಕಾಯಿಲೆ ತಮಗೋ ಹತ್ತಿರದ ರಕ್ತಸಂಬಂಧಿಗಳಿಗೋ ಇದ್ದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಇಷ್ಟೆಲ್ಲ ಮಾಡಿದರೂ 2006ರ ಅಧ್ಯಯನದಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಜನರಿಗೆ ತೀವ್ರ ಭಯ ಆಗಿತ್ತು. ಹೊರಗೆ ಗುಟ್ಟಾಗಿ ತಗೊಳ್ಳುವವರಿಗೆ ಈ ಜರಡಿ ಇಲ್ಲ, ಕೈಯಲ್ಲಿರುವುದು ಏನು, ಎಷ್ಟು ಅನ್ನೋದೂ ಖಾತ್ರಿ ಇಲ್ಲ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುತ್ತಿರುವವರು ಇದನ್ನೂ ತಗೊಂಡಾಗ ಫಿಟ್ಸ್ ಬಂದ ವರದಿಗಳೂ ಇವೆ.

ನಿಮ್ಮ ಹತ್ತಿರದವರು ಯಾರಾದರೂ ಈಗಾಗಲೇ ತಗೊಂಡಿದ್ದರೆ, ಅವರು ಹೇಳುವ ಕಥೆಗಿಂತ ಜಾಸ್ತಿ ಅವರ ನಿದ್ದೆಯನ್ನು ನೋಡಿ. ಒಂದೆರಡು ದಿನ ಮಂಕಾಗಿ, ಮೌನವಾಗಿ ಇದ್ದು ಮತ್ತೆ ಊಟ, ನಿದ್ದೆ, ಕೆಲಸಕ್ಕೆ ಮರಳಿದರೆ ಅಷ್ಟು ಗಾಬರಿ ಬೇಡ. ರಾತ್ರಿಗಳು ನಿದ್ದೆ ಇಲ್ಲದೆ ಕಳೆದರೂ ಸುಸ್ತೇ ಆಗುತ್ತಿಲ್ಲ, ಮಾತು ನಿಲ್ಲುತ್ತಿಲ್ಲ, "ನನಗೊಂದು ಕೆಲಸ ವಹಿಸಿದ್ದಾರೆ" ಅಂತ ಶುರುವಾಗಿದೆ, ಬೇಡ ಅಂದವರ ಮೇಲೆ ಅನುಮಾನ ಬರುತ್ತಿದೆ ಅಂದರೆ, ಅವರ ಜೊತೆ ಅಧ್ಯಾತ್ಮದ ವಾದಕ್ಕೆ ಇಳಿಯಬೇಡಿ. ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಏನು ತಗೊಂಡಿದ್ದರು ಅನ್ನೋದನ್ನು ಮುಚ್ಚಿಡದೆ ಹೇಳಿ.