ನನ್ನ ಶಿಫ್ಟ್ ಸುಲಭವಿತ್ತು. ಎಷ್ಟು ಅಂಕ ಕಡಿತವಾಗುತ್ತದೆ?

ಶಿಫ್ಟ್‌ಗೊಂದು ಪ್ರಶ್ನೆಪತ್ರಿಕೆಯಂತೆ ಹಲವು ಶಿಫ್ಟ್‌ಗಳಲ್ಲಿ ನಡೆಯುವ ಜೆಇಇ ಮೇನ್ ಪರೀಕ್ಷೆ ಮುಗಿದ ವಾರ ಈ ಪ್ರಶ್ನೆ ತಪ್ಪದೆ ಬರುತ್ತದೆ, ನಾನೂ ತಪ್ಪದೆ ಅದೇ ಉತ್ತರ ಬರೆಯುತ್ತೇನೆ: ಒಂದು ಅಂಕವೂ ಕಡಿತವಾಗುವುದಿಲ್ಲ. ಕಠಿಣ ಶಿಫ್ಟ್‌ನವರಿಗೆ ಅಂಕ ಕೂಡಿಸಿ ಸುಲಭ ಶಿಫ್ಟ್‌ನವರಿಂದ ಕಳೆಯುತ್ತಾರೆ ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಕಠಿಣ ಪತ್ರಿಕೆಯೇ ಸಿಗಲಿ ಎಂದು ಹರಕೆ ಹೊರುವವರೂ ಇದ್ದಾರೆ.

2019ರಿಂದ ಈ ಪರೀಕ್ಷೆಯಲ್ಲಿ ನಡೆಯುತ್ತಿರುವುದು ಇಷ್ಟೇ. ನಿಮ್ಮ ಶಿಫ್ಟ್‌ನಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರ ಸಂಖ್ಯೆಯನ್ನು ಆ ಶಿಫ್ಟ್‌ಗೆ ಹಾಜರಾದವರ ಒಟ್ಟು ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸುತ್ತಾರೆ. ಏಳು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿದ ಈ ಸಂಖ್ಯೆಯೇ ಪರ್ಸೆಂಟೈಲ್. ಈ ಲೆಕ್ಕದಲ್ಲಿ ಬೇರೆ ಶಿಫ್ಟ್‌ನವರ ಅಂಕಗಳಿಗೆ ಜಾಗವೇ ಇಲ್ಲ.

ಒಂದು ಕಲ್ಪಿತ ಲೆಕ್ಕ ನೋಡೋಣ. ಬೆಳಗಿನ ಕಠಿಣ ಶಿಫ್ಟ್‌ನಲ್ಲಿ 40,000 ಮಂದಿ ಬರೆದು, ಅವರಲ್ಲಿ 38,000 ಮಂದಿ 300ಕ್ಕೆ 180 ಅಥವಾ ಅದಕ್ಕಿಂತ ಕಡಿಮೆ ಪಡೆದಿದ್ದರೆ, 180 ಪಡೆದವರ ಪರ್ಸೆಂಟೈಲ್ 95. ಮಧ್ಯಾಹ್ನದ ಸುಲಭ ಶಿಫ್ಟ್‌ನ 50,000 ಮಂದಿಯಲ್ಲಿ 45,000 ಮಂದಿ ಆ ಮಟ್ಟದಲ್ಲಿದ್ದರೆ, ಅಲ್ಲಿ ಅದೇ 180ಕ್ಕೆ ಸಿಗುವುದು 90. ‘ಹಾಗಾದರೆ ನಷ್ಟವಾಯಿತಲ್ಲ!’ ಎನ್ನುವವರು ಒಂದನ್ನು ಮರೆಯುತ್ತಾರೆ: ಬೆಳಿಗ್ಗೆ 180 ಗಳಿಸುವ ಸಾಮರ್ಥ್ಯವುಳ್ಳ ವಿದ್ಯಾರ್ಥಿ ಮಧ್ಯಾಹ್ನದ ಪತ್ರಿಕೆಯಲ್ಲಿ 180ಕ್ಕೆ ನಿಲ್ಲುತ್ತಿರಲಿಲ್ಲ, 205ರ ಆಸುಪಾಸಿಗೆ ಹೋಗುತ್ತಿದ್ದ. ಆ 205 ಅಂಕಕ್ಕೆ ಅಲ್ಲಿಯೂ 95 ಸಿಗುತ್ತದೆ.

ಈ ಪದ್ಧತಿ ನಿಂತಿರುವುದು ಒಂದು ಊಹೆಯ ಮೇಲೆ. ಅಭ್ಯರ್ಥಿಗಳನ್ನು ಗೊತ್ತುಗುರಿಯಿಲ್ಲದೆ ಹಂಚಿದಾಗ, ಇಷ್ಟು ದೊಡ್ಡ ಗುಂಪುಗಳ ಒಟ್ಟಾರೆ ಸಾಮರ್ಥ್ಯ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ ಎಂಬುದು ಆ ಊಹೆ. ಒಂದು ಶಿಫ್ಟ್‌ಗೆ ಜಾಣರೇ ಹೆಚ್ಚಾಗಿ ಬಂದುಬಿಟ್ಟರೆ ಈ ಸೂತ್ರಕ್ಕೆ ಅದು ತಿಳಿಯುವುದಿಲ್ಲ. ಸುಲಭ ಶಿಫ್ಟ್‌ಗೆ ನಿಜವಾದ ಅಪಾಯವೊಂದಿದೆ, ಆದರೆ ಅದು ಕಡಿತವಲ್ಲ: ಮೇಲಿನ ಅಂಕಗಳಲ್ಲಿ ಜನ ಕಿಕ್ಕಿರಿದಿರುವುದರಿಂದ, ಅವಸರದಲ್ಲಿ ತಪ್ಪಿದ ಒಂದೇ ಪ್ರಶ್ನೆ ಐದು ಅಂಕಗಳ ಅಂತರವಾಗಿ ನೂರಾರು ಜನರನ್ನು ನಿಮ್ಮ ಮುಂದೆ ದಾಟಿಸಬಹುದು. ಅಂದಹಾಗೆ, ಒಂದು ವಿಷಯಕ್ಕೆ ಎಲ್ಲರೂ ಒಂದೇ ಹೊತ್ತಿನಲ್ಲಿ ಓಎಂಆರ್ ಹಾಳೆಯಲ್ಲಿ ಉತ್ತರಿಸುವ ನಮ್ಮ ಸಿಇಟಿಗೆ ಈ ತಲೆನೋವೇ ಇಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ ಮೂರರಲ್ಲೂ 99 ಪರ್ಸೆಂಟೈಲ್ ಇರುವವರ ಒಟ್ಟು ಪರ್ಸೆಂಟೈಲ್ ಸಾಮಾನ್ಯವಾಗಿ 99ನ್ನು ಮೀರುವುದೇಕೆ? ಒಟ್ಟು ಪರ್ಸೆಂಟೈಲ್ ಮೂರರ ಸರಾಸರಿಯಲ್ಲ. ಒಟ್ಟು ಅಂಕಗಳನ್ನು ಹಿಡಿದು ಅದನ್ನು ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಗಣಿತದಲ್ಲಿ ನಿಮ್ಮನ್ನು ಮೀರಿಸಿದ ಹಲವರು ರಸಾಯನವಿಜ್ಞಾನದಲ್ಲಿ ಹಿಂದೆ ಬಿದ್ದಿರುತ್ತಾರೆ, ಹಾಗಾಗಿ ಒಟ್ಟು ಅಂಕದಲ್ಲಿ ನಿಮಗಿಂತ ಮುಂದಿರುವವರು ಶೇಕಡಾ ಒಂದಕ್ಕಿಂತ ಕಡಿಮೆಯಾಗುತ್ತಾರೆ.