ಕಂಟ್ರಾಕ್ಟರ್‌ಗೆ ಕೊಟ್ಟ ದುಡ್ಡು ಯಾವ ಕೆಲಸಕ್ಕೆ ಹೋಯಿತು?

ನಿವೃತ್ತ ಮೇಷ್ಟ್ರೊಬ್ಬರು ದಾವಣಗೆರೆಯ ನನ್ನ ಆಫೀಸಿಗೆ ಒಂದು ಡೈರಿ, ಎರಡು ಪಾಸ್‌ಬುಕ್ ಹಿಡಿದು ಬಂದರು. ಮನೆ ಕೆಲಸ ನಿಂತು ಮೂರು ತಿಂಗಳಾಗಿತ್ತು. "30 ಲಕ್ಷದ ಮೇಲೆ ಕೊಟ್ಟೀನಿ ಸರ್. ಅವನು 23 ಲಕ್ಷ ಚಿಲ್ಲರೆ ಅಷ್ಟೇ ಬಂದಿರೋದು ಅಂತಾನೆ" ಅಂದರು. ಡೈರಿಯ ಕೊನೇ ಪುಟದಲ್ಲಿ ಕೆಂಪು ಪೆನ್ನಿನಲ್ಲಿ 30,50,000 ಎಂದು ಬರೆದು ಎರಡು ಸಲ ಗೆರೆ ಎಳೆದಿದ್ದರು.

ಲೆಕ್ಕ ಪರಿಶೋಧಕನಾಗಿ ಇಂಥ ತಕರಾರುಗಳನ್ನು ತುಂಬಾ ನೋಡಿದ್ದೇನೆ. ಬಹಳ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬರು ಕೈಬಿಟ್ಟು ಹೋದ ದುಡ್ಡನ್ನೆಲ್ಲ ಎಣಿಸಿರುತ್ತಾರೆ, ಇನ್ನೊಬ್ಬರು ತಮ್ಮ ಕರೆಂಟ್ ಅಕೌಂಟಿಗೆ ಬಂದಿದ್ದನ್ನು ಮಾತ್ರ ಎಣಿಸಿರುತ್ತಾರೆ. ನಡುವಿನ ದುಡ್ಡು ಎಲ್ಲಿ ಹೋಯಿತು ಅನ್ನೋದೇ ಹುಡುಕಬೇಕಾದ ವಿಷಯ.

ನಾನು ಮೊದಲು ಕೇಳಿದ್ದು ಪಾಸ್‌ಬುಕ್ ಅಲ್ಲ, ಅಗ್ರಿಮೆಂಟ್. 20 ಚದರದ ಮನೆ, ಚದರಕ್ಕೆ 1,80,000, ಒಟ್ಟು 36 ಲಕ್ಷ. ದುಡ್ಡು ಕೊಡುವ ಹಂತಗಳನ್ನೂ ಬರೆದಿದ್ದರು. ಅಡ್ವಾನ್ಸ್ 10 ಪರ್ಸೆಂಟ್, ಪ್ಲಿಂತ್ ಮುಗಿದಾಗ 15, ಕೆಳಗಿನ ಆರ್‌ಸಿಸಿಗೆ 20, ಮೇಲಿನ ಆರ್‌ಸಿಸಿಗೆ 20, ಪ್ಲಾಸ್ಟರಿಂಗ್‌ಗೆ 15. ಉಳಿದಿದ್ದು ನೆಲ, ಬಾಗಿಲು, ವೈರಿಂಗ್, ಪೇಂಟಿಂಗ್‌ಗೆ. ಎರಡೂ ಆರ್‌ಸಿಸಿ ಮುಗಿದಿತ್ತು. ಅಂದರೆ ಮೊದಲ ನಾಲ್ಕು ಹಂತಕ್ಕೆ ಸಲ್ಲಬೇಕಾದ್ದು 23,40,000. ಕಂಟ್ರಾಕ್ಟರ್ ಹೇಳುತ್ತಿದ್ದ "23 ಲಕ್ಷ ಚಿಲ್ಲರೆ" ಇದೇ. ಅದರ ಮೇಲೆ ಅವರು ಹೊಸದೊಂದು ಬಿಲ್ ಕಳಿಸಿದ್ದರು: ಪ್ಲಾಸ್ಟರಿಂಗ್ ಹಂತಕ್ಕೆ ಪೂರ್ತಿ 5,40,000, ಎಕ್ಸ್‌ಟ್ರಾ ಕೆಲಸಕ್ಕೆ 2,80,000. ಮೇಷ್ಟ್ರಿಗೆ ನಿದ್ದೆ ಕೆಡಿಸಿದ್ದು ಈ 8,20,000 ರೂಪಾಯಿಯ ಬಿಲ್.

ಒಂದು ದೊಡ್ಡ ಹಾಳೆಯಲ್ಲಿ ಗೆರೆ ಹಾಕಿಕೊಂಡೆವು. ಪ್ರತಿ ಪಾವತಿಗೂ ಒಂದು ಸಾಲು: ತಾರೀಕು, ಮೊತ್ತ, ಯಾರ ಅಕೌಂಟಿನಿಂದ, ಯಾವ ಅಕೌಂಟಿಗೆ (ಕೊನೆಯ ನಾಲ್ಕು ಅಂಕಿ), ಪ್ರತಿ ವರ್ಗಾವಣೆಗೂ ಬ್ಯಾಂಕ್ ಕೊಡುವ ಯುಟಿಆರ್ ನಂಬರ್, ಯಾವ ಹಂತಕ್ಕೆ, ಅದಕ್ಕೇನು ಆಧಾರ. ಕೊನೆಯ ಎರಡು ಕಾಲಂ ಬಿಟ್ಟು ಉಳಿದಿದ್ದೆಲ್ಲ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೇ ಸಿಗುತ್ತದೆ. ಆದರೆ ಜಗಳ ಇರುವುದು ಆ ಎರಡು ಕಾಲಂನಲ್ಲೇ. ದುಡ್ಡು ಹೋಯಿತು ಅಂತ ಬ್ಯಾಂಕ್ ಹೇಳುತ್ತದೆ, ಯಾತಕ್ಕೆ ಹೋಯಿತು ಅಂತ ಹೇಳುವುದಿಲ್ಲ.

ಮೇಷ್ಟ್ರ ಪಾಸ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತಗಳೇ ಇರಲಿಲ್ಲ. ಯಾಕೆಂದರೆ ಮನೆ ಸಾಲವನ್ನು ಬ್ಯಾಂಕಿನವರು ನೇರವಾಗಿ ಕಂಟ್ರಾಕ್ಟರ್ ಅಕೌಂಟಿಗೆ ಹಾಕಿದ್ದರು. ಅದು ಕಾಣುವುದು ಸಾಲದ ಅಕೌಂಟಿನ ಸ್ಟೇಟ್‌ಮೆಂಟಿನಲ್ಲಿ, ಎಸ್‌ಬಿ ಅಕೌಂಟಿನಲ್ಲಲ್ಲ. ಅದನ್ನು ತರಿಸಿದಾಗ ಮೂರು ಕಂತು ಸಿಕ್ಕಿತು: 5,40,000, 7,20,000, 6,00,000. ಮೊದಲೆರಡು ಪ್ಲಿಂತ್‌ಗೂ ಕೆಳಗಿನ ಆರ್‌ಸಿಸಿಗೂ ಸರಿಯಾಗಿ ಕೂತವು. ಮೂರನೆಯದರಲ್ಲಿ ಬ್ಯಾಂಕಿನ ಎಂಜಿನಿಯರ್ ಕಮ್ಮಿ ಲೆಕ್ಕ ಹಾಕಿದ್ದರಿಂದ 1,20,000 ಕೊರತೆ ಬಿದ್ದಿತ್ತು. ಅದನ್ನು ಮೇಷ್ಟ್ರು ತಮ್ಮ ಅಕೌಂಟಿನಿಂದ ನೆಫ್ಟ್ ಮಾಡಿದ್ದರು. ಅಡ್ವಾನ್ಸ್ 3,60,000 ಚೆಕ್. ಕೂಡಿದರೆ ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲದೆ 23,40,000. ಇಲ್ಲಿಯವರೆಗೆ ಇಬ್ಬರ ಲೆಕ್ಕವೂ ಒಂದೇ.

ಉಳಿದ 7,10,000 ಬೇರೆ ಬೇರೆ ದಾರಿಯಲ್ಲಿ ಹೋಗಿತ್ತು.

ಪುಣೆಯಲ್ಲಿರುವ ಮಗ ನಾಲ್ಕು ಸಲ 50,000 ಯುಪಿಐ ಮಾಡಿದ್ದ. ನಾಲ್ಕಕ್ಕೂ ಸ್ಕ್ರೀನ್‌ಶಾಟ್ ಇತ್ತು. ಆದರೆ ಒಂದರ ಮೇಲೆ `Processing` ಅಂತ ಇದ್ದಿದ್ದನ್ನು ಯಾರೂ ಗಮನಿಸಿರಲಿಲ್ಲ. ಅವನ ಸ್ಟೇಟ್‌ಮೆಂಟ್ ತೆಗೆಸಿ ಆ ಪಾವತಿಯ 12 ಅಂಕಿಯ ನಂಬರ್ ಹುಡುಕಿದೆ. ಡೆಬಿಟ್ ಆದ ಮೂರನೇ ದಿನ ಅದೇ ನಂಬರಿನಲ್ಲಿ 50,000 ವಾಪಸ್ ಜಮೆಯಾಗಿತ್ತು. ಆ ಸಾಲನ್ನು ಹೊಡೆದು ಹಾಕಿದಾಗ ಮೇಷ್ಟ್ರ ಮುಖ ಸಪ್ಪಗಾಯಿತು. ಆದರೆ ಹುಡುಕುವಾಗ ನಮಗೆ ವಿರುದ್ಧ ಸಿಕ್ಕಿದ್ದನ್ನೂ ಬರೆಯಲೇಬೇಕು. ಇಂಥ ಒಂದು ತಪ್ಪು ಎದುರಿನವರ ಕಣ್ಣಿಗೆ ಬಿದ್ದರೆ, ಸರಿ ಇರುವ ಉಳಿದ ಸಾಲುಗಳನ್ನೂ ಅವರು ನಂಬುವುದಿಲ್ಲ.

ಎರಡನೆಯದು 1,50,000ದ ಐಎಂಪಿಎಸ್. ಸ್ಟೇಟ್‌ಮೆಂಟಿನಲ್ಲಿ ಕಂಟ್ರಾಕ್ಟರ್ ಹೆಸರೇ ಇತ್ತು. ಆದರೆ ಕೊನೆಯ ನಾಲ್ಕು ಅಂಕಿ ಅವರ ಕರೆಂಟ್ ಅಕೌಂಟಿನದಲ್ಲ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಕಾಣುವ ಹೆಸರು ಎಷ್ಟೋ ಸಲ ಬೆನಿಫಿಶಿಯರಿ ಸೇರಿಸುವಾಗ ನೀವೇ ಟೈಪ್ ಮಾಡಿದ ಹೆಸರು. ದುಡ್ಡು ಹೋಗುವುದು ಅಕೌಂಟ್ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಅಕೌಂಟ್ ಕಂಟ್ರಾಕ್ಟರ್ ಹೆಂಡತಿಯದಾಗಿತ್ತು. ಹಾಗಾದರೆ ಈ ದುಡ್ಡು ಕಂಟ್ರಾಕ್ಟರ್‌ಗೆ ಕೊಟ್ಟ ಹಾಗೆ ಆಯಿತಾ? ಸುಮ್ನೆ ಹೆಂಡತಿ ಅಕೌಂಟ್ ಅನ್ನೋ ಕಾರಣಕ್ಕೆ ಆಗುವುದಿಲ್ಲ. ಅವರೇ ಹಾಕಿಸಿಕೊಂಡರು ಅಂತ ತೋರಿಸಬೇಕು. ಮೇಷ್ಟ್ರ ವಾಟ್ಸಾಪಿನಲ್ಲಿ ಅದೇ ದಿನ ಬೆಳಗ್ಗೆ ಕಂಟ್ರಾಕ್ಟರ್ ಕಳಿಸಿದ ಮೆಸೇಜ್ ಇತ್ತು: "ಈ ಅಕೌಂಟಿಗೆ ಹಾಕಿ ಸರ್, ಪ್ಲಾಸ್ಟರ್‌ಗೆ ಎಂ-ಸ್ಯಾಂಡ್ ತರಿಸಬೇಕು." ಕೆಳಗೆ ಅಕೌಂಟ್ ನಂಬರ್, ಐಎಫ್‌ಎಸ್‌ಸಿ. ಆ ಒಂದು ಮೆಸೇಜಿನಿಂದ ದುಡ್ಡು ಯಾರಿಗೆ, ಯಾವ ಹಂತಕ್ಕೆ ಎರಡೂ ತೀರ್ಮಾನವಾಯಿತು.

ಮೂರನೆಯದು ಸಿಮೆಂಟ್, ಕಬ್ಬಿಣದ ಅಂಗಡಿಗೆ ನೇರವಾಗಿ ಹಾಕಿದ 2,00,000. ಇದಕ್ಕೂ ಕಂಟ್ರಾಕ್ಟರ್ ಮೆಸೇಜ್ ಇತ್ತು. "ಪ್ಲಾಸ್ಟರ್ ಬಾಬ್ತು ಅಂಗಡಿಗೇ ಹಾಕಿಬಿಡಿ ಸರ್" ಅಂತ. ಅಂಗಡಿಯವರು ಒಳ್ಳೆಯವರು, ಕಂಟ್ರಾಕ್ಟರ್ ಒಪ್ಪಿದ ಮೇಲೆ ಅವರ ಖಾತೆಯ ಲೆಡ್ಜರ್ ಪ್ರಿಂಟ್ ಕೊಟ್ಟರು. ನೋಡಿದರೆ 2,00,000 ಜಮೆಯಾಗಿದ್ದು ನಿಜ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೊಂದು ಸೈಟಿನ ಹಳೇ ಬಾಕಿಗೆ ವಜಾ ಆಗಿತ್ತು. ಮೇಷ್ಟ್ರ ಮನೆಗೆ ಅಷ್ಟು ಸಿಮೆಂಟ್ ಬಂದೇ ಇರಲಿಲ್ಲ. ಕೆಲಸ ಯಾಕೆ ನಿಂತಿತು ಅನ್ನೋದಕ್ಕೆ ಉತ್ತರ ಆ ಲೆಡ್ಜರಿನಲ್ಲಿತ್ತು. ಲೆಕ್ಕದ ಮಟ್ಟಿಗೆ ಮಾತ್ರ ಇದು ಮೇಷ್ಟ್ರಿಗೆ ತೊಂದರೆಯಲ್ಲ. ಕಂಟ್ರಾಕ್ಟರ್ ಹೇಳಿದ ಕಡೆ ಹಾಕಿದ್ದಾರೆ, ಅದರಿಂದ ಕಂಟ್ರಾಕ್ಟರ್ ಸಾಲ ತೀರಿದೆ. ಹಾಗಾಗಿ ಪೂರ್ತಿ 2,00,000 ಅವರ ತಲೆಯ ಮೇಲೇ.

ಕೊನೆಗೆ ನಗದು, 1,60,000. 60,000ಕ್ಕೆ ಕಂಟ್ರಾಕ್ಟರ್ ಸಹಿ ಹಾಕಿದ ವೋಚರ್ ಇತ್ತು, "ಪ್ಲಾಸ್ಟರ್ ಕೂಲಿ" ಅಂತ. ಉಳಿದ ಒಂದು ಲಕ್ಷಕ್ಕೆ ಇದ್ದಿದ್ದು ಅದೇ ದಿನ ಬ್ಯಾಂಕಿನಿಂದ ಡ್ರಾ ಮಾಡಿದ ನಮೂದು ಮಾತ್ರ. ಡ್ರಾ ಮಾಡಿದ್ದು ಗೊತ್ತಾಗುತ್ತದೆ, ಕೊಟ್ಟಿದ್ದು ಗೊತ್ತಾಗುವುದಿಲ್ಲ. ಅದನ್ನು ಬೇರೆ ಹಾಳೆಗೆ ಬರೆದೆ. ಮೇಷ್ಟ್ರು ಸುಳ್ಳು ಹೇಳುವವರಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಒಟ್ಟು ಮೊತ್ತಕ್ಕೆ ಸೇರಿಸಲು ಮನಸ್ಸು ಬರಲಿಲ್ಲ.

ಹೀಗೆ ಆಧಾರ ಸಮೇತ ನಿಂತಿದ್ದು 5,60,000. ಇನ್ನು ಇದು ಯಾವುದಕ್ಕೆ ಸಲ್ಲಬೇಕು? ಕಂಟ್ರಾಕ್ಟರ್ ಈಗ ಮಾತು ಬದಲಿಸಿದರು. ಬಂದಿದ್ದು ನಿಜ, ಆದರೆ ಅದು ಎಕ್ಸ್‌ಟ್ರಾ ಕೆಲಸಕ್ಕೆ ಅಂದರು. ಇಲ್ಲಿ 1872ರ ಕರಾರು ಕಾಯ್ದೆಯ 59 ಮತ್ತು 60ನೇ ಕಲಂ ಕೆಲಸಕ್ಕೆ ಬರುತ್ತವೆ. ಒಬ್ಬರಿಗೆ ಹಲವು ಬಾಕಿ ಕೊಡಬೇಕಿದ್ದಾಗ, ಕೊಡುವವರು ಇಂಥದ್ದಕ್ಕೆ ಅಂತ ಹೇಳಿ ಕೊಟ್ಟರೆ, ಅಥವಾ ಸಂದರ್ಭದಿಂದಲೇ ಅದು ತಿಳಿಯುವಂತಿದ್ದರೆ, ತೆಗೆದುಕೊಂಡವರು ಅದಕ್ಕೇ ಜಮೆ ಮಾಡಬೇಕು. ಏನೂ ಹೇಳದೆ, ಏನೂ ತಿಳಿಯದ ಹಾಗೆ ಕೊಟ್ಟರೆ, ನಿಜವಾಗಿ ಬಾಕಿ ಇರುವ ಯಾವುದಕ್ಕೆ ಬೇಕಾದರೂ ಹಾಕಿಕೊಳ್ಳುವ ಆಯ್ಕೆ ತೆಗೆದುಕೊಂಡವರದು.

ಹೆಂಡತಿ ಅಕೌಂಟಿನ ದುಡ್ಡು, ಅಂಗಡಿಯ ದುಡ್ಡು, ವೋಚರ್, ಮೂರರಲ್ಲೂ ಪ್ಲಾಸ್ಟರ್ ಎಂಬ ಮಾತಿತ್ತು. ಅವು ಅಲ್ಲಾಡುವುದಿಲ್ಲ. ಮಗನ ಮೂರು ಯುಪಿಐಗಳ ರಿಮಾರ್ಕಿನಲ್ಲಿ ಇದ್ದಿದ್ದು `house` ಎಂಬ ಒಂದೇ ಪದ. ಅದರ ಮೇಲೆ ಕಂಟ್ರಾಕ್ಟರ್‌ಗೆ ಹಕ್ಕಿತ್ತು. ಆದರೆ ಯಾವ ಬಾಕಿಗೆ? ಎಕ್ಸ್‌ಟ್ರಾ ಬಿಲ್ಲಿನಲ್ಲಿ ಎರಡು ಬಾಬ್ತು ಇತ್ತು. ಸಂಪು ದೊಡ್ಡದು ಮಾಡಿದ್ದಕ್ಕೆ 90,000. ಇದಕ್ಕೆ ಮೇಷ್ಟ್ರೇ ಮೆಸೇಜಿನಲ್ಲಿ "ಆಗಲಿ" ಅಂದಿದ್ದರು. ಇನ್ನೊಂದು ಕಾಂಪೌಂಡಿಗೆ 1,90,000. ಅಗ್ರಿಮೆಂಟಿನ ಮೂರನೇ ಪುಟ ತಿರುವಿದರೆ ಕಾಂಪೌಂಡ್ ಮೂಲ ಕೆಲಸದ ಪಟ್ಟಿಯಲ್ಲೇ ಇತ್ತು. ಅದು ಬಾಕಿಯೇ ಅಲ್ಲ ಅಂದ ಮೇಲೆ ಅದಕ್ಕೆ ಜಮೆ ಮಾಡುವ ಮಾತೆಲ್ಲಿ ಬಂತು? ಹಾಗಾಗಿ ಯುಪಿಐನಲ್ಲಿ ಬಂದ 1,50,000ದಲ್ಲಿ 90,000 ಸಂಪಿಗೆ, 60,000 ಪ್ಲಾಸ್ಟರಿಂಗ್‌ಗೆ.

ಒಟ್ಟು ಪ್ಲಾಸ್ಟರಿಂಗ್ ಹಂತಕ್ಕೆ ಹೋಗಿದ್ದು 4,70,000. ಆದರೆ ಬಿಲ್ಲಿನಲ್ಲಿ ಪೂರ್ತಿ 5,40,000 ಇದೆ ಅಂತ ಕೆಲಸ ಪೂರ್ತಿ ಆಗಿದೆ ಅಂತ ಅಲ್ಲ. ಒಳಗಿನ ಪ್ಲಾಸ್ಟರ್ ಮುಗಿದಿತ್ತು, ಹೊರಗಡೆ ಇಟ್ಟಿಗೆ ಕಾಣುತ್ತಿತ್ತು. ಇಬ್ಬರೂ ಒಪ್ಪಿದ ಎಂಜಿನಿಯರ್ ಒಬ್ಬರು ಟೇಪ್ ಹಿಡಿದು ಅಳೆದು, ಆಗಿರುವ ಕೆಲಸ 3,10,000 ರೂಪಾಯಿಯದು ಅಂತ ಬರೆದುಕೊಟ್ಟರು. ಈ ಅಳತೆ ನನ್ನ ಕೆಲಸವಲ್ಲ. ಲೆಕ್ಕ ಬಲ್ಲವರು ಗೋಡೆ ನೋಡಿ ಬೆಲೆ ಹೇಳಬಾರದು. ಅಂತೂ 1,60,000 ಮುಂಗಡವಾಗಿ ಕಂಟ್ರಾಕ್ಟರ್ ಕೈಯಲ್ಲಿತ್ತು. 8,20,000 ಕೇಳಿದ್ದ ಬಿಲ್ ಕೊನೆಗೆ ಬಂದು ನಿಂತಿದ್ದು ಇಲ್ಲಿ.

ಹಾಳೆ ಮುಂದಿಟ್ಟು ಕೂತಾಗ ಕಂಟ್ರಾಕ್ಟರ್ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಅಂಗಡಿಯ ಸಾಲಿನ ಹತ್ತಿರ ತುಂಬಾ ಹೊತ್ತು ನಿಂತರು. ವಾಪಸ್ ಬಂದ 50,000 ನಾವಾಗೇ ಹೊಡೆದು ಹಾಕಿದ್ದನ್ನು ನೋಡಿ "ಇದು ನಾನೇ ಹೇಳೋಣ ಅಂತಿದ್ದೆ" ಅಂದರು. ಆಮೇಲೆ ಮಾತು ಸುಲಭವಾಯಿತು. ಹೊರಗಿನ ಪ್ಲಾಸ್ಟರ್ ಬಾಕಿ ಕೆಲಸ 2,30,000ದ್ದು. ಅದರಲ್ಲಿ 1,60,000 ಆಗಲೇ ಬಂದಿದೆ, ಮುಗಿಸಿದ ಮೇಲೆ 70,000 ಕೊಟ್ಟರೆ ಸಾಕು ಅಂತ ಇಬ್ಬರೂ ಸಹಿ ಹಾಕಿದರು. ಆ ಒಂದು ಲಕ್ಷ ನಗದಿನ ಬಗ್ಗೆ ಕಂಟ್ರಾಕ್ಟರ್ ಕೊನೆಯವರೆಗೂ ಒಪ್ಪಲಿಲ್ಲ. ಮೇಷ್ಟ್ರು ಅದನ್ನು ಬಿಟ್ಟುಕೊಟ್ಟರು.

ಇದು ಕೋರ್ಟಿಗೆ ಹೋಗಿದ್ದರೆ ಆ್ಯಪಿನ ಸ್ಕ್ರೀನ್‌ಶಾಟ್ ನಂಬಿಕೊಂಡು ಕೂರುವಂತಿರಲಿಲ್ಲ. ಬ್ಯಾಂಕಿನಿಂದ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆ ಪ್ರಕಾರ ದೃಢೀಕರಿಸಿದ ಸ್ಟೇಟ್‌ಮೆಂಟ್ ಪಡೆಯಬೇಕಾಗುತ್ತಿತ್ತು. ವಾಟ್ಸಾಪ್ ಮೆಸೇಜ್ ಇರುವ ಫೋನನ್ನೂ ಜೋಪಾನ ಮಾಡಬೇಕಾಗುತ್ತಿತ್ತು. ಮಗ ಹೊಸ ಫೋನ್ ತೆಗೆದುಕೊಡುತ್ತೇನೆ ಅಂದಾಗ ಮೇಷ್ಟ್ರು ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕದೆ ಇಟ್ಟುಕೊಂಡಿದ್ದು ಒಳ್ಳೆಯದಾಯಿತು.

ಪ್ಲಾಸ್ಟರ್ ಮುಗಿದ ದಿನ ಅವರು ಫೋನ್ ಮಾಡಿ, 70,000 ನೆಫ್ಟ್ ಮಾಡುವಾಗ ರಿಮಾರ್ಕಿನಲ್ಲಿ ಏನು ಬರೆಯಲಿ ಅಂತ ಕೇಳಿದರು. `STAGE 5 PLASTER FINAL` ಅಂತ ಹೇಳಿದೆ. ಅಕೌಂಟಿನ ಕೊನೆಯ ನಾಲ್ಕು ಅಂಕಿಯನ್ನು ಅವರೇ ಎರಡು ಸಲ ಓದಿ ಹೇಳಿದರು.