‘ವಿಲ್ಟ್’ಗೆ ಬಾಡು, ಸೊರಗು, ನೆಟೆ: ಸಾರಾಂಶದಲ್ಲಿ ಯಾವ ಪದ ಬರೆಯಬೇಕು?

ಪ್ರಶ್ನೆ: ನಮ್ಮ ಆಳಂದ ಭಾಗದ ರೈತ ಗುಂಪಿಗೆ ತೊಗರಿ ರೋಗಗಳ ಬಗ್ಗೆ ಇಂಗ್ಲಿಷ್ ಕೈಪಿಡಿ ಬಂದದ. ಅದರ ಸಾರಾಂಶ ಕನ್ನಡದಾಗ ಒಂದು ಪುಟದಾಗ ಮಾಡಬೇಕು. ಒಂದೇ ಪದಕ್ಕೆ ಮೂರು ನಾಲ್ಕು ಕನ್ನಡ ಪದ ಸಿಗ್ತಾವ. ಯಾವುದು ಇಟ್ಕೋಬೇಕ್ರಿ?

ಉತ್ತರ: ಇದೇ ಬೆಳೆಯ ಕೈಪಿಡಿಯಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ‘ವಿಲ್ಟ್’ ಎಂದಲ್ಲೆಲ್ಲ ‘ಬಾಡುವ ರೋಗ’ ಎಂದು ಬರೆದಿದ್ದೆ. ಅದನ್ನು ಓದಿದ ಹಿರಿಯ ರೈತರೊಬ್ಬರು ಕೇಳಿದರು: “ಬಾಡ್ಯಾವಂದ್ರ ನೀರ ಕೊಡಬೇಕೇನ್ರಿ?” ತಪ್ಪು ಅವರದಲ್ಲ. ಬಾಡುವುದೆಂದರೆ ನಮ್ಮಲ್ಲಿ ನೀರಿಲ್ಲದೆ ಎಲೆ ಜೋತು ಬೀಳುವುದು. ಕೈಪಿಡಿ ಹೇಳಿದ್ದು ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ಗಿಡದ ನೀರಿನ ದಾರಿ ಕಟ್ಟಿಹಾಕುವ ರೋಗವನ್ನು. ಮಣ್ಣು ಹಸಿ ಇದ್ದರೂ ಗಿಡ ಒಣಗುತ್ತದೆ. ಕಲಬುರಗಿ ಸೀಮೆಯಲ್ಲಿ ಇದಕ್ಕೆ ಬಳಕೆಯಲ್ಲಿರುವ ಹೆಸರು ನೆಟೆ ರೋಗ.

ಆದ್ದರಿಂದ ಪದಕೋಶ ತೆಗೆಯುವ ಮೊದಲು ಹೊಲದ ಮಾತು ಕೇಳಿರಿ. ರೋಗಕ್ಕೆ ಊರಲ್ಲಿ ಹೆಸರಿದ್ದರೆ ಅದನ್ನೇ ಇಟ್ಟುಕೊಳ್ಳಿ. ಆದರೆ ಊರಿನ ಹೆಸರೂ ಕೆಲವೊಮ್ಮೆ ಸಡಿಲವಾಗಿರುತ್ತದೆ. ಒಣಗಿದ ತೊಗರಿಯನ್ನೆಲ್ಲ ನೆಟೆ ಎನ್ನುವವರೂ ಇದ್ದಾರೆ, ಬೇರು ಕೊಳೆತು ಒಣಗಿದ್ದೂ ಅದರಲ್ಲೇ ಸೇರಿಬಿಡುತ್ತದೆ. ಅದಕ್ಕೇ ಪದ ಮೊದಲ ಸಲ ಬಂದಲ್ಲಿ ಗುರುತನ್ನೂ ಜೊತೆಗೆ ಬರೆಯಿರಿ: ‘ನೆಟೆ ರೋಗದಲ್ಲಿ ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಪಟ್ಟೆ ಏರುತ್ತದೆ, ಕಾಂಡ ಸೀಳಿದರೆ ಒಳಗೆ ಕಂದು ಅಥವಾ ಕಪ್ಪು ಗೆರೆ ಕಾಣುತ್ತದೆ.’ ಈ ಒಂದು ವಾಕ್ಯವಿದ್ದರೆ ಓದುವವರು ಕುಡುಗೋಲಿನಿಂದ ಕಾಂಡ ಸೀಳಿ ನೋಡಿಯಾರು. ಆಮೇಲೆ ಇಡೀ ಪುಟದಲ್ಲಿ ನೆಟೆ ಎಂದೇ ಬರೆಯಿರಿ. ಬೇಸರವಾಗದಿರಲೆಂದು ನಡುವೆ ಒಮ್ಮೆ ‘ಸೊರಗು’ ಎಂದರೆ, ಅದು ಇನ್ನೊಂದು ರೋಗವೆಂದು ಓದುಗರು ತಿಳಿಯುತ್ತಾರೆ. ಕಥೆಗೆ ಪದ ಬದಲಿಸುವುದು ಚೆಂದ, ಇಲ್ಲಿ ಅದು ನಷ್ಟ.

ರೋಗದ ಹೆಸರಿಗಿಂತ ದೊಡ್ಡ ಅಪಾಯ ತಳಿಯ ಗುಣ ಹೇಳುವ ಪದಗಳಲ್ಲಿದೆ. ಇಂಗ್ಲಿಷಿನ ರೆಸಿಸ್ಟೆಂಟ್, ಟಾಲರೆಂಟ್ ಎರಡನ್ನೂ ನಾವು ‘ರೋಗ ನಿರೋಧಕ’ ಎಂದು ಮುಗಿಸಿಬಿಡುತ್ತೇವೆ. ಮೊದಲನೆಯದು ರೋಗವನ್ನು ಒಳಗೆ ಬೆಳೆಯಗೊಡದ ತಳಿ. ಎರಡನೆಯದಕ್ಕೆ ರೋಗ ಬರುತ್ತದೆ, ಇಳುವರಿ ಮಾತ್ರ ಅಷ್ಟಾಗಿ ಬೀಳುವುದಿಲ್ಲ. ನಾನು ಮೊದಲನೆಯದಕ್ಕೆ ‘ನಿರೋಧಕ’, ಎರಡನೆಯದಕ್ಕೆ ‘ತಾಳಿಕೊಳ್ಳುವ’, ಸಸೆಪ್ಟಿಬಲ್ ಎಂಬುದಕ್ಕೆ ‘ಬೇಗ ತುತ್ತಾಗುವ’ ಎಂದು ಬರೆಯುತ್ತೇನೆ.

ಮಾರುತಿ ತಳಿಯನ್ನೇ ನೋಡೋಣ. ಐಸಿಪಿ 8863 ಎಂಬ ಈ ತೊಗರಿ ಕರ್ನಾಟಕದಲ್ಲಿ ಬಿಡುಗಡೆಯಾದದ್ದು 1986ರಲ್ಲಿ. ನೆಟೆಗೆ ಅದು ನಿರೋಧಕ, ಆದರೆ ಸ್ಟೆರಿಲಿಟಿ ಮೊಸಾಯಿಕ್‌ಗೆ ಬೇಗ ತುತ್ತಾಗುತ್ತದೆ. ಈ ಎರಡನೆಯ ರೋಗವನ್ನು ‘ಬಂಜೆತನದ ಮೊಸಾಯಿಕ್’ ಎಂದು ಪದಕ್ಕೆ ಪದ ಇಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕನ್ನಡದಲ್ಲಿ ಅದಕ್ಕೆ ಗೊಡ್ಡು ರೋಗ ಎಂಬ ಹೆಸರು ಆಗಲೇ ಇದೆ: ನುಸಿಯಿಂದ ಹರಡುವ ವೈರಸ್ ರೋಗ, ಗಿಡ ತಿಳಿಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂವು ಕಾಯಿ ಇರುವುದಿಲ್ಲ.

ಕೈಪಿಡಿಯ ಇಂಗ್ಲಿಷ್ ಸಾಲು ಹೇಳುವುದು ಇಷ್ಟೇ: ಮಾರುತಿ ನೆಟೆಗೆ ನಿರೋಧಕ, ಗೊಡ್ಡಿಗೆ ತುತ್ತು. ಅವಸರದ ಸಾರಾಂಶ ಹೀಗಿರುತ್ತದೆ: ‘ಮಾರುತಿ ರೋಗ ನಿರೋಧಕ ತಳಿ.’ ಪದಗಳು ಕಡಿಮೆಯಾದವು, ಜೊತೆಗೆ ಸತ್ಯದ ಅರ್ಧವೂ ಹೋಯಿತು. ನಾನಾದರೆ ಹೀಗೆ ಬರೆಯುತ್ತೇನೆ: ‘ಮಾರುತಿಗೆ ನೆಟೆ ರೋಗ ತಡೆಯುವ ಶಕ್ತಿ ಇದೆ. ಗೊಡ್ಡು ರೋಗಕ್ಕೆ ಮಾತ್ರ ಬೇಗ ತುತ್ತಾಗುತ್ತದೆ. ಆ ರೋಗ ಪದೇ ಪದೇ ಬರುವ ಹೊಲಕ್ಕೆ ಬೇರೆ ತಳಿ ಕೇಳಿರಿ.’ ಕೊನೆಯ ಸಲಹೆ ಮೂಲದಲ್ಲಿ ಇದ್ದರೆ ಮಾತ್ರ ಸೇರಿಸಬೇಕು, ನಮ್ಮ ಊಹೆಯಿಂದಲ್ಲ. ‘ನಿರೋಧಕ’ ಎಂದು ಬರೆಯುವಾಗಲೆಲ್ಲ ‘ಯಾವ ರೋಗಕ್ಕೆ?’ ಎಂಬ ಉತ್ತರ ಅದೇ ವಾಕ್ಯದಲ್ಲಿರಲಿ.

ಅಂಗಡಿಯಲ್ಲಿ ಕೇಳಿ ತರಬೇಕಾದವುಗಳಿಗೆ ಹೊಸ ಕನ್ನಡ ಬೇಡ. ಟ್ರೈಕೋಡರ್ಮಾ ಟ್ರೈಕೋಡರ್ಮಾ ಆಗಿಯೇ ಇರಲಿ, ‘ಬೀಜಕ್ಕೆ ಹಚ್ಚುವ ಉಪಕಾರಿ ಶಿಲೀಂಧ್ರದ ಪುಡಿ’ ಎಂದು ಒಮ್ಮೆ ಹೇಳಿದರೆ ಸಾಕು. ಪ್ರಮಾಣದಲ್ಲಿ ‘ಕೆ.ಜಿ. ಬೀಜಕ್ಕೆ ಇಷ್ಟು ಗ್ರಾಂ’ ಎಂದಿರುವುದನ್ನು ‘ಎಕರೆಗೆ’ ಎಂದು ಬದಲಿಸಬೇಡಿ.

ಕೆಲಸಕ್ಕೆ ಕೂರುವ ಮೊದಲು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಎರಡು ಉದ್ದ ಗೆರೆ ಎಳೆದು ಮೂರು ಅಂಕಣ ಮಾಡಿ, ಇಂಗ್ಲಿಷ್ ಪದ, ನಾವು ಬಳಸುವ ಪದ, ಬಳಸಬಾರದ ಪದ ಎಂದು ಬರೆದುಕೊಳ್ಳಿ. ಒಂದು ಪುಟದ ಸಾರಾಂಶಕ್ಕೆ ಎಂಟು ಹತ್ತು ಪದಗಳಿದ್ದರೆ ಸಾಕು. ಬರೆದಾದ ಮೇಲೆ ಆ ಮೂರನೆಯ ಅಂಕಣದ ಪದಗಳನ್ನು ಕಡತದಲ್ಲಿ ಹುಡುಕಿ. ಹುಡುಕುವಾಗ ‘ಸೊರಗುವ’ ಎಂದು ಕೊಡದೆ ‘ಸೊರ’ ಎಂದಷ್ಟೇ ಕೊಡಿ. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತಿರುತ್ತದೆ, ‘ಸೊರಗಿದ’ ತಪ್ಪಿಸಿಕೊಂಡೀತು.

ಕೊನೆಗೆ, ಇಂಗ್ಲಿಷ್ ಕೈಪಿಡಿ ನೋಡಿರದ ಒಬ್ಬ ರೈತರಿಗೆ ಓದಿಹೇಳಿ, ‘ಮಾರುತಿ ಬಿತ್ತಿದರ ಗೊಡ್ಡು ಬರ್ತದೇನ್ರಿ?’ ಎಂದು ಕೇಳಿರಿ. ‘ಬರಬಹುದ್ರಿ, ನೆಟಿ ಅಷ್ಟೇ ತಡೀತದ’ ಎಂದರೆ ಪುಟ ಅಚ್ಚಿಗೆ ಕೊಡಿ. ‘ಏನೂ ಬರಂಗಿಲ್ಲ’ ಎಂದರೆ ಆ ವಾಕ್ಯ ಮತ್ತೆ ಬರೆಯಿರಿ.